ಇಪ್ಪತ್ತು ವರ್ಷ, ಮೂವತ್ತು ಸೆಂಟಿಮೀಟರ್: ಚರಿತ್ರೆಯನ್ನು ಒಂದು ಸ್ಲೈಡಿನಲ್ಲಿ ಕೂರಿಸುವುದು

(ಸಂಘ ಸಂಸ್ಥೆಗಳಲ್ಲಿ ವಾರ್ಷಿಕ ವರದಿ ಮಂಡಿಸುವವರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಆಡಿದ್ದನ್ನು ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಬೆಳ್ಳಿಹಬ್ಬಕ್ಕೆ ನಾನು ಸ್ಲೈಡು ಮಾಡಿಕೊಟ್ಟಿದ್ದೆ. ಇಪ್ಪತ್ತೈದು ವರ್ಷದ ಚರಿತ್ರೆ, ಒಂದೇ ಸ್ಲೈಡು. ಉದ್ದಕ್ಕೊಂದು ಬಾಣ, ಅದರ ಮೇಲೆ ಹತ್ತು ಚುಕ್ಕಿ, ಪ್ರತಿ ಚುಕ್ಕಿಗೂ ಒಂದು ಇಸವಿ ಮತ್ತು ಎರಡು ಸಾಲು ಬರಹ. ನೋಡಲು ಅಚ್ಚುಕಟ್ಟಾಗಿತ್ತು. ಕಾರ್ಯಕ್ರಮ ಮುಗಿದ ಮೇಲೆ ಆ ಸಂಸ್ಥೆಯಲ್ಲಿ ಮೊದಲ ದಿನದಿಂದ ಕೆಲಸ ಮಾಡಿದ್ದ ಹಿರಿಯರೊಬ್ಬರು ನನ್ನ ಬಳಿ ಬಂದರು. “ಚೆನ್ನಾಗಿದೆಯಪ್ಪಾ, ಆದರೆ ನಾಲ್ಕನೇ ಚುಕ್ಕಿಗೂ ಐದನೇ ಚುಕ್ಕಿಗೂ ನಡುವೆ ನಾವು ಏಳು ವರ್ಷ ಸಂಬಳವಿಲ್ಲದೆ ಒದ್ದಾಡಿದ್ದೇವೆ. ಅದು ಇಲ್ಲಿ ಎರಡು ಬೆರಳು ಜಾಗವೂ ಇಲ್ಲವಲ್ಲ” ಎಂದರು. ಸ್ಲೈಡನ್ನು ಮತ್ತೆ ನೋಡಿದೆ. ಎಲ್ಲ ಚುಕ್ಕಿಗಳ ನಡುವೆಯೂ ಒಂದೇ ಅಂತರ. ಏಳು ವರ್ಷಕ್ಕೆ ಎಷ್ಟು ಜಾಗವೋ ಏಳು ತಿಂಗಳಿಗೂ ಅಷ್ಟೇ ಜಾಗ. ಇಸವಿಗಳೆಲ್ಲ ಸರಿಯಿದ್ದವು, ಚಿತ್ರ ಮಾತ್ರ ಸುಳ್ಳು ಹೇಳುತ್ತಿತ್ತು. ಆ ಹಿರಿಯರ ಮಾತು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಆದ್ದರಿಂದ ಇವತ್ತು ನಾನು ಹೇಳಲು ಹೊರಟಿರುವುದು ಮುಖ್ಯವಾಗಿ ಒಂದು ವಿಷಯ: ಕಾಲರೇಖೆಯ ಮೇಲೆ ಅಂತರವೂ ಅಳತೆಗೆ ತಕ್ಕಂತೆ ಇರಬೇಕು. ಅದನ್ನು ಹೇಗೆ ಸಾಧಿಸುವುದು, ಸಾಧಿಸಲು ಹೊರಟಾಗ ಏನೇನು ತೊಡಕು ಬರುತ್ತದೆ ಎಂಬುದನ್ನು ಒಂದು ಉದಾಹರಣೆ ಹಿಡಿದು ತೋರಿಸುತ್ತೇನೆ. ನಮಗೆಲ್ಲ ಗೊತ್ತಿರುವ ನಮ್ಮ ಮೆಟ್ರೋವನ್ನೇ ತೆಗೆದುಕೊಳ್ಳೋಣ.

ಬೆಂಗಳೂರಿನ ಮೆಟ್ರೋಗೆ ಶಂಕುಸ್ಥಾಪನೆ ಆದದ್ದು 2006ರ ಜೂನ್ 24ರಂದು. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು, 6.7 ಕಿಲೋಮೀಟರ್ ದೂರ. ಆಮೇಲೆ 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆ–ಪೀಣ್ಯ, 2015ರ ಮೇ ತಿಂಗಳಲ್ಲಿ ನಾಗಸಂದ್ರದವರೆಗೆ, ಅದೇ ವರ್ಷ ನವೆಂಬರ್‌ನಲ್ಲಿ ಮಾಗಡಿ ರಸ್ತೆ–ಮೈಸೂರು ರಸ್ತೆ, 2016ರ ಏಪ್ರಿಲ್ ಕೊನೆಗೆ ನಗರದ ಹೊಟ್ಟೆಯೊಳಗಿನ ಸುರಂಗ, 2017ರ ಜೂನ್‌ನಲ್ಲಿ ಯಲಚೇನಹಳ್ಳಿಯವರೆಗೆ. ಅಲ್ಲಿಗೆ ಮೊದಲ ಹಂತದ 42.3 ಕಿಲೋಮೀಟರ್ ಮುಗಿಯಿತು. ನಂತರ 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆ, ಅದೇ ಆಗಸ್ಟ್‌ನಲ್ಲಿ ಕೆಂಗೇರಿ, 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರ–ವೈಟ್‌ಫೀಲ್ಡ್, ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ಮತ್ತು ಚಲ್ಲಘಟ್ಟ ಒಂದೇ ದಿನ, 2024ರ ನವೆಂಬರ್‌ನಲ್ಲಿ ಮಾದಾವರ, 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ. ಶಂಕುಸ್ಥಾಪನೆಯೂ ಸೇರಿ ಒಟ್ಟು ಹದಿಮೂರು ಚುಕ್ಕಿ.

ಈ ಹದಿಮೂರನ್ನು ಪವರ್‌ಪಾಯಿಂಟ್‌ಗೆ ಕೊಟ್ಟು `Insert` ಅಡಿಯಲ್ಲಿರುವ `SmartArt` ಒತ್ತಿ `Basic Timeline` ಆರಿಸಿದರೆ ಅದು ಏನು ಮಾಡುತ್ತದೆ? ಚುಕ್ಕಿಗಳನ್ನು ಎಣಿಸಿ ಬಾಣವನ್ನು ಸಮ ಪಾಲು ಮಾಡುತ್ತದೆ. ಅದಕ್ಕೆ ತಾರೀಖು ಎಂದರೆ ಬರೀ ಅಕ್ಷರ, ಅದನ್ನು ಓದಿ ಲೆಕ್ಕ ಹಾಕುವುದಿಲ್ಲ. ಬಾಣದ ಉದ್ದ ಮೂವತ್ತು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಹದಿಮೂರು ಚುಕ್ಕಿಗೆ ಹನ್ನೆರಡು ಅಂತರ, ಒಂದೊಂದೂ ಎರಡೂವರೆ ಸೆಂಟಿಮೀಟರ್. ಶಂಕುಸ್ಥಾಪನೆಯಿಂದ ಮೊದಲ ರೈಲಿನವರೆಗೆ ಐದು ವರ್ಷ ನಾಲ್ಕು ತಿಂಗಳು, ಅದಕ್ಕೂ ಎರಡೂವರೆ. ಮೈಸೂರು ರಸ್ತೆ ಮಾರ್ಗದಿಂದ ಸುರಂಗ ಮಾರ್ಗಕ್ಕೆ ಸುಮಾರು ಐದೂವರೆ ತಿಂಗಳು; ಅದಕ್ಕೂ ಎರಡೂವರೆ. ಈ ಚಿತ್ರ ನೋಡಿದವರಿಗೆ ಯೋಜನೆ ಗಡಿಯಾರದ ಮುಳ್ಳಿನಂತೆ ಒಂದೇ ವೇಗದಲ್ಲಿ ನಡೆದಿದೆ ಎನಿಸುತ್ತದೆ. ಎಂ.ಜಿ. ರಸ್ತೆಯಲ್ಲಿ ಆ ಐದು ವರ್ಷ ಓಡಾಡಿದ ಯಾರೂ ಇದನ್ನು ಒಪ್ಪಲಾರರು.

ಹಾಗಾದರೆ ಅಳತೆಗೆ ಕೂರಿಸುವುದು ಹೇಗೆ? ಕಷ್ಟವೇನಿಲ್ಲ. ಈಗ ಬಳಕೆಯಲ್ಲಿರುವ ಅಗಲದ ಸ್ಲೈಡು, ಅಂದರೆ 16:9, ಪವರ್‌ಪಾಯಿಂಟ್‌ನಲ್ಲಿ 33.87 ಸೆಂಟಿಮೀಟರ್ ಅಗಲ, 19.05 ಎತ್ತರ. ಎರಡೂ ಬದಿಗೆ ಎರಡು ಸೆಂಟಿಮೀಟರಿನಷ್ಟು ಅಂಚು ಬಿಟ್ಟರೆ ಮೂವತ್ತು ಉಳಿಯುತ್ತದೆ. 2006ರ ಜನವರಿಯಿಂದ 2026ರ ಜನವರಿಗೆ ಇಪ್ಪತ್ತು ವರ್ಷ. ವರ್ಷಕ್ಕೆ ಒಂದೂವರೆ ಸೆಂಟಿಮೀಟರ್. ಹೀಗೆ ಪೂರ್ತಿ ವರ್ಷಗಳು ಸಿಗುವಂತೆ ಆದಿ ಅಂತ್ಯ ಆರಿಸಿಕೊಂಡರೆ ಲೆಕ್ಕವೂ ಸುಲಭ, ಕೆಳಗೆ ಇಸವಿ ಬರೆಯುವುದೂ ಸುಲಭ. ಎಕ್ಸೆಲ್‌ನ `A` ಕಾಲಮ್ಮಿನಲ್ಲಿ ತಾರೀಖುಗಳನ್ನು ಇಟ್ಟು ಪಕ್ಕದಲ್ಲಿ ಈ ಸೂತ್ರ ಹಾಕಿ:

```
=(A2-DATE(2006,1,1))/365.25*1.5+1.9-0.2
```

1.9 ಎನ್ನುವುದು ಎಡ ಅಂಚು. ಕೊನೆಯಲ್ಲಿ 0.2 ಯಾಕೆ ಕಳೆದೆ ಎಂದರೆ, ಪವರ್‌ಪಾಯಿಂಟ್ ಒಂದು ಆಕಾರದ ಸ್ಥಾನವನ್ನು ಅದರ ಎಡ ಅಂಚಿನಿಂದ ಅಳೆಯುತ್ತದೆ, ನಡುಮಧ್ಯದಿಂದ ಅಲ್ಲ. ನಮ್ಮ ಚುಕ್ಕಿ 0.4 ಸೆಂಟಿಮೀಟರ್ ಅಗಲ. ಅರ್ಧ ಕಳೆದರೆ ಚುಕ್ಕಿಯ ನಡುಮಧ್ಯ ಸರಿಯಾಗಿ ತಾರೀಖಿನ ಮೇಲೆ ಕೂರುತ್ತದೆ. ಚುಕ್ಕಿಗಳೆಲ್ಲ ಒಂದೇ ಗಾತ್ರದವಾದರೆ ಈ ತಪ್ಪು ಅಷ್ಟಾಗಿ ಕಾಣುವುದಿಲ್ಲ. ಒಂದನ್ನು ದೊಡ್ಡದು ಮಾಡಿದ ತಕ್ಷಣ ಅದು ಬಲಕ್ಕೆ ಜಾರಿದಂತೆ ಕಾಣುತ್ತದೆ. ಮೊದಲ ರೈಲಿನ ಚುಕ್ಕಿಗೆ ಈ ಸೂತ್ರ ಕೊಡುವುದು 10.4. ಆ ಚುಕ್ಕಿಯ ಮೇಲೆ ಬಲ ಗುಂಡಿ ಒತ್ತಿ, `Size and Position` ತೆರೆದು, `Horizontal position` ಎಂಬಲ್ಲಿ ಆ ಸಂಖ್ಯೆ ಹಾಕಿದರೆ ಮುಗಿಯಿತು. ನಿಮ್ಮ ಕಂಪ್ಯೂಟರು ಇಂಚಿನಲ್ಲಿ ತೋರಿಸುತ್ತಿದ್ದರೂ `10.4 cm` ಎಂದು ಟೈಪ್ ಮಾಡಿದರೆ ಅದೇ ಬದಲಿಸಿಕೊಳ್ಳುತ್ತದೆ. ಹದಿಮೂರು ಚುಕ್ಕಿಗೆ ಹತ್ತು ನಿಮಿಷದ ಕೆಲಸ. ಇಲಿಯಿಂದ ಎಳೆದು ಅಂದಾಜಿನಲ್ಲಿ ಕೂರಿಸಲು ಹೋಗಬೇಡಿ. ಪಕ್ಕದ ಆಕಾರದ ಜೊತೆ ಸಾಲಾಗಿಸಲು ಪವರ್‌ಪಾಯಿಂಟ್ ತಾನೇ ಅದನ್ನು ಸೆಳೆದುಕೊಳ್ಳುತ್ತದೆ, ಅಂತರಗಳು ನಿಮಗೆ ತಿಳಿಯದಂತೆ ಮತ್ತೆ ಸಮವಾಗತೊಡಗುತ್ತವೆ.

ಈಗ ಅದೇ ಹದಿಮೂರು ಚುಕ್ಕಿ ಹೇಗೆ ಕಾಣುತ್ತವೆ ನೋಡಿ. ಶಂಕುಸ್ಥಾಪನೆಯಿಂದ ಮೊದಲ ರೈಲಿಗೆ ಎಂಟು ಸೆಂಟಿಮೀಟರ್ ಖಾಲಿ. ಅಲ್ಲಿಂದ 2014ಕ್ಕೆ ಮೂರೂವರೆ. ಆಮೇಲೆ ನಾಲ್ಕು ಚುಕ್ಕಿ ಒಂದರ ಹಿಂದೊಂದು, ಎಲ್ಲ ಸೇರಿ ಮೂರೂಕಾಲು ಸೆಂಟಿಮೀಟರಿನೊಳಗೆ. 2017ರ ಜೂನ್ ಆದ ಮೇಲೆ ಮತ್ತೆ ಐದೂವರೆ ಸೆಂಟಿಮೀಟರಿನಷ್ಟು ಖಾಲಿ, ಆಮೇಲೆ 2021ರಿಂದ ಮತ್ತೆ ಗುಂಪು. ನಾನು ಒಂದಕ್ಷರ ಬರೆಯುವ ಮೊದಲೇ ಚಿತ್ರ ಎರಡು ದೊಡ್ಡ ಪ್ರಶ್ನೆ ಎತ್ತಿದೆ: ಮೊದಲ ಐದು ವರ್ಷ ಏನಾಗುತ್ತಿತ್ತು? 2017ರಿಂದ 2021ರವರೆಗೆ ಏನಾಗುತ್ತಿತ್ತು? ಸಭೆಯಲ್ಲಿ ಕೂತವರು ಈ ಪ್ರಶ್ನೆಗಳನ್ನು ಕೇಳಿಯೇ ಕೇಳುತ್ತಾರೆ. ಮಂಡಿಸುವವರು ಉತ್ತರ ಇಟ್ಟುಕೊಂಡು ಬಂದಿರಬೇಕು.

ಇಲ್ಲೇ ಸ್ಲೈಡು ಮಾಡಿಸುವವರಿಂದ ಒತ್ತಡ ಬರುವುದು. “ಇಷ್ಟು ಜಾಗ ಖಾಲಿ ಇದೆಯಲ್ಲ, ಏನಾದರೂ ತುಂಬಿಸಿ” ಎನ್ನುತ್ತಾರೆ. ಮೆಟ್ರೋ ಉದಾಹರಣೆಯಲ್ಲಿ ತುಂಬಿಸಲು ಸಾಮಗ್ರಿಯೂ ಇದೆ. 2018ರಲ್ಲಿ ಆರು ಬೋಗಿಯ ರೈಲು ಬಂತು. ಅದನ್ನು ಒಂದು ಚುಕ್ಕಿ ಮಾಡಿ ಆ ಖಾಲಿಯ ಮಧ್ಯೆ ಇಟ್ಟರೆ ಚೆನ್ನಾಗಿ ಕಾಣುತ್ತದೆ. ಆದರೆ ನಮ್ಮ ಉಳಿದ ಚುಕ್ಕಿಗಳೆಲ್ಲ “ಹೊಸ ಮಾರ್ಗ ಜನರಿಗೆ ತೆರೆಯಿತು” ಎಂದು ಹೇಳುತ್ತಿವೆ. ಆರು ಬೋಗಿಯ ರೈಲು ಬೇರೆ ಜಾತಿಯ ಸಂಗತಿ. ಅದನ್ನು ಸೇರಿಸಿದರೆ ನಿಲ್ದಾಣದ ಹೊಸ ಸೌಲಭ್ಯ, ಹೊಸ ಕಾರ್ಡು ಎಲ್ಲವನ್ನೂ ಸೇರಿಸಬೇಕು. ನಾನು ಸ್ಲೈಡು ಶುರು ಮಾಡುವ ಮುನ್ನ ಒಂದು ಕಾಗದದ ಮೇಲೆ “ಚುಕ್ಕಿ ಎಂದರೆ ಏನು” ಎಂದು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಆ ವಾಕ್ಯಕ್ಕೆ ಹೊಂದದ್ದು ಎಷ್ಟೇ ಚೆಂದವಿದ್ದರೂ ರೇಖೆಯ ಮೇಲೆ ಬರುವುದಿಲ್ಲ. ಶಂಕುಸ್ಥಾಪನೆ ಮಾರ್ಗ ತೆರೆದದ್ದಲ್ಲ, ಆದ್ದರಿಂದ ಅದನ್ನು ಚೌಕಾಕಾರ ಮಾಡಿ ಬೇರೆಯೆಂದು ತೋರಿಸುತ್ತೇನೆ.

ಖಾಲಿ ಜಾಗಕ್ಕೆ ನಿಜವಾದ ಉತ್ತರ ಕೊಡುವುದು ಪಟ್ಟಿ. ಚುಕ್ಕಿ ಒಂದು ಕ್ಷಣದ ಗುರುತು. ಕಟ್ಟುವ ಕೆಲಸ ಕ್ಷಣವಲ್ಲ, ಅವಧಿ. ಅವಧಿಯನ್ನು ಉದ್ದದ ಪಟ್ಟಿಯಾಗಿ ಬರೆಯಬೇಕು. ಎರಡನೇ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2014ರ ಜನವರಿಯಲ್ಲಿ. ರೇಖೆಯ ಕೆಳಗೆ ಮೊದಲ ಹಂತಕ್ಕೆ 2006ರಿಂದ 2017ರವರೆಗೆ ಒಂದು ಪಟ್ಟಿ, ಎರಡನೆಯದಕ್ಕೆ 2014ರಿಂದ ಬಲ ಅಂಚಿನವರೆಗೆ ಇನ್ನೊಂದು ಪಟ್ಟಿ ಎಳೆದರೆ, 2017–2021ರ ಖಾಲಿಯ ಕೆಳಗೆ ಎರಡನೇ ಪಟ್ಟಿ ಹಾದುಹೋಗುತ್ತಿರುತ್ತದೆ. ಏನೂ ತೆರೆಯದಿದ್ದ ಆ ದಿನಗಳಲ್ಲಿ ಕೆಲಸ ನಡೆಯುತ್ತಿತ್ತು ಎಂಬುದು ತಾನಾಗಿ ತಿಳಿಯುತ್ತದೆ. ಅದರೊಳಗೆ ಇನ್ನೊಂದು ಸಣ್ಣ ಬೂದುಬಣ್ಣದ ತುಂಡು: ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 22ರಿಂದ ಸೆಪ್ಟೆಂಬರ್ 7ರವರೆಗೆ ರೈಲೇ ಓಡಲಿಲ್ಲ. ಆ ಐದೂವರೆ ತಿಂಗಳಿಗೆ ನಮ್ಮ ಅಳತೆಯಲ್ಲಿ 0.7 ಸೆಂಟಿಮೀಟರ್. ಸಭೆಯಲ್ಲಿ ಯಾರಾದರೂ ತಡವಾದದ್ದೆಲ್ಲ ಕೋವಿಡ್‌ನಿಂದ ಎಂದರೆ, ಐದೂವರೆ ಸೆಂಟಿಮೀಟರಿನ ಖಾಲಿಯಲ್ಲಿ ಸೇವೆ ನಿಂತಿದ್ದ ಕಾಲ ಎಷ್ಟು ಎಂದು ಕಣ್ಣೆದುರೇ ಇರುತ್ತದೆ. ಕೆಲಸಗಾರರು ಊರಿಗೆ ಹೋದದ್ದು, ಸಾಮಾನು ಬರದೆ ನಿಂತದ್ದು ಆ ತುಂಡಿನಲ್ಲಿ ಇಲ್ಲ ಎಂಬುದನ್ನು ಮಾತಿನಲ್ಲಿ ಹೇಳಬೇಕಾಗುತ್ತದೆ.

ಅಳತೆಗೆ ಕೂರಿಸಿದ ಮೇಲೆ ಬರುವ ದೊಡ್ಡ ತೊಡಕು ಬರಹದ್ದು. ನವೆಂಬರ್ 2015 ಮತ್ತು ಏಪ್ರಿಲ್ 2016ರ ಚುಕ್ಕಿಗಳ ನಡುವೆ ಇರುವುದು 0.7 ಸೆಂಟಿಮೀಟರ್. ಹಿಂದಿನ ಸಾಲಿನವರಿಗೂ ಕಾಣುವ 18 ಪಾಯಿಂಟಿನ ಅಕ್ಷರದಲ್ಲಿ “ನವೆಂಬರ್ 2015” ಎಂದು ಬರೆದರೆ ನಾಲ್ಕು ಸೆಂಟಿಮೀಟರಿನಷ್ಟು ಬೇಕು. ಒಂದರ ಮೇಲೊಂದು ಬಿದ್ದೇ ಬೀಳುತ್ತದೆ. ಆಗ ಮೂರು ತಪ್ಪು ದಾರಿ ಕಾಣುತ್ತವೆ: ಅಕ್ಷರ ಚಿಕ್ಕದು ಮಾಡುವುದು, ಬರಹವನ್ನು ಓರೆಯಾಗಿ ತಿರುಗಿಸುವುದು, ಚುಕ್ಕಿಯನ್ನು ಸ್ವಲ್ಪ ಆಚೆ ತಳ್ಳುವುದು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಮಾಡಿದ ಲೆಕ್ಕವೆಲ್ಲ ನೀರಲ್ಲಿ ಹೋಮ. ಓರೆ ಬರಹ ಕನ್ನಡಕ್ಕೆ ಒಗ್ಗುವುದಿಲ್ಲ. ಒತ್ತಕ್ಷರ, ದೀರ್ಘ, ಕೊಂಬು ಎಲ್ಲ ಓರೆಯಾದಾಗ ಕತ್ತು ತಿರುಗಿಸಿದರೂ ಓದಲಾಗುವುದಿಲ್ಲ.

ನಾನು ಮಾಡುವುದು ಇಷ್ಟು. ಎಲ್ಲ ಚುಕ್ಕಿಗೂ ಹೆಸರು ಕೊಡುವುದಿಲ್ಲ. 2014ರಿಂದ 2016ರವರೆಗಿನ ನಾಲ್ಕು ಚುಕ್ಕಿಯನ್ನು ಒಂದು ಆವರಣ ಚಿಹ್ನೆಯಿಂದ ಕಟ್ಟಿ “ಎರಡು ವರ್ಷದಲ್ಲಿ ನಾಲ್ಕು ತುಂಡು” ಎಂದು ಒಂದೇ ಬರಹ. 2021ರ ಎರಡು ಚುಕ್ಕಿಗೆ ಒಂದು, 2023ರ ಎರಡಕ್ಕೆ ಒಂದು. ಮಾದಾವರದ ಚುಕ್ಕಿ ಹೆಸರಿಲ್ಲದೆ ನಿಲ್ಲುತ್ತದೆ. ಅಲ್ಲಿಗೆ ದಿನಾ ಹೋಗುವವರು ಬೇಸರ ಮಾಡಿಕೊಳ್ಳಬಾರದು, ಅವರ ಚುಕ್ಕಿ ತನ್ನ ಜಾಗದಲ್ಲಿದೆ. ಉಳಿದ ಬರಹ ಶಂಕುಸ್ಥಾಪನೆ, ಮೊದಲ ರೈಲು, ಮೊದಲ ಹಂತ ಪೂರ್ಣ, ಹಳದಿ ಮಾರ್ಗ. ಎಲ್ಲ ಸೇರಿ ಏಳು. ಅವನ್ನು ಬೇರೆಬೇರೆ ಎತ್ತರದಲ್ಲಿಟ್ಟು ತೆಳು ಗೆರೆಯಿಂದ ಚುಕ್ಕಿಗೆ ಜೋಡಿಸುತ್ತೇನೆ. ಬಲ ತುದಿಯ ಬರಹವನ್ನು ಮಾತ್ರ ಬಲಕ್ಕೆ ಸಾಲು ಹೊಂದಿಸಬೇಕು, ಇಲ್ಲದಿದ್ದರೆ “ಬೊಮ್ಮಸಂದ್ರ” ಸ್ಲೈಡಿನಿಂದ ಹೊರಗೆ ಹೋಗುತ್ತದೆ.

ತಾರೀಖಿನ ವಿಷಯದಲ್ಲೂ ಒಂದು ನಿಯಮ ಬೇಕು. 2016ರ ಸುರಂಗ ಮಾರ್ಗದ ಉದ್ಘಾಟನೆ ಏಪ್ರಿಲ್ 29ಕ್ಕೆ, ಜನ ಹತ್ತಿದ್ದು 30ಕ್ಕೆ. 2017ರಲ್ಲಿ ಜೂನ್ 17ಕ್ಕೆ ಉದ್ಘಾಟನೆ, 18ಕ್ಕೆ ಓಡಾಟ. 2023ರ ಅಕ್ಟೋಬರ್ 9ರಂದು ಸಮಾರಂಭವೇ ಇಲ್ಲದೆ ಮಾರ್ಗ ತೆರೆಯಿತು, ಔಪಚಾರಿಕ ಲೋಕಾರ್ಪಣೆ ಆದದ್ದು 20ಕ್ಕೆ. ಉದ್ಘಾಟನೆಯ ದಿನ ಹಿಡಿದರೆ ಕೊನೆಯದು ಜನ ಓಡಾಡತೊಡಗಿದ ಮೇಲಿನ ದಿನಕ್ಕೆ ಹೋಗುತ್ತದೆ. ಜನ ಹತ್ತಿದ ದಿನ ಹಿಡಿದರೆ ಎಲ್ಲಕ್ಕೂ ಒಂದೇ ಅರ್ಥದ ದಿನ ಸಿಗುತ್ತದೆ, ಆದ್ದರಿಂದ ನನ್ನ ನಿಯಮ ಅದು. ಇನ್ನು ಒಂದು ದಿನದ ವ್ಯತ್ಯಾಸ ನಮ್ಮ ಅಳತೆಯಲ್ಲಿ 0.004 ಸೆಂಟಿಮೀಟರ್, ಕಣ್ಣಿಗೆ ಕಾಣದು. ಹಾಗಿದ್ದಮೇಲೆ ಬರಹದಲ್ಲಿ ತಿಂಗಳು ಇಸವಿ ಸಾಕು. ದಿನವನ್ನೂ ಬರೆದರೆ ಜಾಗ ಹೋಗುತ್ತದೆ, ಸಭೆಯಲ್ಲಿ “ಅದು 29 ಅಲ್ಲ, 30” ಎಂಬ ಚರ್ಚೆಯಲ್ಲಿ ಹೊತ್ತೂ ಹೋಗುತ್ತದೆ.

ಇಷ್ಟಾದ ಮೇಲೂ ಒಂದು ಕೊರತೆ ಇದೆ. ಚುಕ್ಕಿಗಳೆಲ್ಲ ಒಂದೇ ಗಾತ್ರ. ಮಾದಾವರದ ಮೂರು ಕಿಲೋಮೀಟರಿಗೂ ಹಳದಿ ಮಾರ್ಗದ ಹತ್ತೊಂಬತ್ತು ಕಿಲೋಮೀಟರಿಗೂ ಒಂದೇ ಚುಕ್ಕಿ. ಇದಕ್ಕೆ ಚುಕ್ಕಿಯನ್ನು ಉಬ್ಬಿಸುವುದಕ್ಕಿಂತ ಮೆಟ್ಟಿಲು ಗೆರೆ ಒಳ್ಳೆಯದು ಎಂಬುದು ನನ್ನ ಅನುಭವ. ರೇಖೆಯನ್ನು ಸ್ಲೈಡಿನ ಕೆಳಭಾಗಕ್ಕೆ ಇಳಿಸಿ, ಅದರ ಮೇಲೆ ಆಯಾ ದಿನಕ್ಕೆ ಒಟ್ಟು ಎಷ್ಟು ಕಿಲೋಮೀಟರ್ ಓಡುತ್ತಿತ್ತು ಎಂಬುದನ್ನು ಮೆಟ್ಟಿಲಾಗಿ ಏರಿಸುವುದು. ನೂರು ಕಿಲೋಮೀಟರಿಗೆ ಆರು ಸೆಂಟಿಮೀಟರ್ ಎತ್ತರ ಇಟ್ಟರೆ, ಮೊದಲ ರೈಲಿನ ದಿನ ಮೆಟ್ಟಿಲು 0.4 ಸೆಂಟಿಮೀಟರ್ ಏರುತ್ತದೆ, 2017ಕ್ಕೆ ಎರಡೂವರೆ ತಲುಪುತ್ತದೆ, ನಾಲ್ಕು ವರ್ಷ ಹತ್ತಿರ ಚಪ್ಪಟೆಯಾಗಿ ನಡೆಯುತ್ತದೆ, 2025ಕ್ಕೆ 96 ಕಿಲೋಮೀಟರ್ ಮುಟ್ಟಿ ಸುಮಾರು 5.8 ಆಗುತ್ತದೆ. ಚುಕ್ಕಿಗಳು ಪ್ರತಿ ಮೆಟ್ಟಿಲಿನ ಮೂಲೆಯಲ್ಲಿ ಕೂರುತ್ತವೆ. ಎಡಭಾಗ ತಗ್ಗಾಗಿ ಉಳಿಯುವುದರಿಂದ ಶೀರ್ಷಿಕೆಗೂ ಬರಹಕ್ಕೂ ಅಲ್ಲಿ ಜಾಗ ಸಿಗುತ್ತದೆ. ಗೆರೆ ಓರೆಯಾಗಿ ಏರಬಾರದು. ಓರೆ ಗೆರೆ ಎಳೆದರೆ ದಿನಾ ಸ್ವಲ್ಪ ಸ್ವಲ್ಪ ಮಾರ್ಗ ತೆರೆಯುತ್ತಿತ್ತು ಎಂದಾಗುತ್ತದೆ.

ನಿಮ್ಮ ಸಂಸ್ಥೆಗೆ ಕಿಲೋಮೀಟರ್ ಇರುವುದಿಲ್ಲ. ಸಹಕಾರ ಸಂಘವಾದರೆ ಸದಸ್ಯರ ಸಂಖ್ಯೆ, ಶಾಲೆಯಾದರೆ ಮಕ್ಕಳ ಸಂಖ್ಯೆ. ಹಳೆಯ ದಾಖಲೆಯಲ್ಲಿ ಸಿಗುವ ಒಂದೇ ಒಂದು ಸಂಖ್ಯೆ ಸಾಕು. ಎರಡು ಬೇಡ.

ಬಣ್ಣದ ಬಗ್ಗೆ ಒಂದೇ ಮಾತು. ಮೆಟ್ರೋ ಮಾರ್ಗಗಳಿಗೆ ನೇರಳೆ, ಹಸಿರು, ಹಳದಿ ಎಂಬ ಬಣ್ಣ ಇದ್ದೇ ಇದೆ, ಚುಕ್ಕಿಗೆ ಅದನ್ನೇ ಕೊಡಬಹುದು. ಆದರೆ ಬೆಳಕಿರುವ ಸಭಾಂಗಣದ ಪ್ರೊಜೆಕ್ಟರಿನಲ್ಲಿ ಬಿಳಿಯ ಮೇಲೆ ಹಳದಿ ಮಾಯವಾಗುತ್ತದೆ. ಆ ಚುಕ್ಕಿಗೆ ಕಪ್ಪು ಅಂಚು ಹಾಕಿ.

ಅಕ್ಷರದ ಬಗ್ಗೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು, ನಮ್ಮಲ್ಲಿ ಸ್ಲೈಡು ಕೆಡುವುದು ಹೆಚ್ಚಾಗಿ ಇಲ್ಲೇ. ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ ಬರಹ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡಿನಲ್ಲಿ ಬರೆದರೆ ಆ ಅಪಾಯವಿಲ್ಲ, ಆದರೂ ಫಾಂಟ್ ಬದಲಾದರೆ ಅಗಲ ಬದಲಾಗುತ್ತದೆ. ನಿಮ್ಮಲ್ಲಿ ಒಂದು ಸಾಲಿಗೆ ಸರಿಹೋದ ಬರಹ ಅಲ್ಲಿ ಎರಡು ಸಾಲಾಗಿ ಕೆಳಗಿನ ಚುಕ್ಕಿಯನ್ನು ಮುಚ್ಚುತ್ತದೆ. ಸಾಮಾನ್ಯ ಸ್ಲೈಡಿನಲ್ಲಿ ಇದು ಸಣ್ಣ ಕಿರಿಕಿರಿ, ಅಳತೆಗೆ ಕೂರಿಸಿದ ಕಾಲರೇಖೆಯಲ್ಲಿ ಇಡೀ ಚಿತ್ರವೇ ಹಾಳು. ಆದ್ದರಿಂದ ಕಾರ್ಯಕ್ರಮಕ್ಕೆ ಹೋಗುವಾಗ ಪಿಡಿಎಫ್ ಪ್ರತಿಯೊಂದನ್ನು ಜೊತೆಗೆ ಇಟ್ಟುಕೊಳ್ಳಿ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲಿನ ಬರಹಕ್ಕೆ ಸಾಲಂತರವನ್ನು 1.2ರಷ್ಟಾದರೂ ಇಡಿ. “ವೈಟ್‌ಫೀಲ್ಡ್” ಎಂಬ ಪದದ ಕೊನೆಯ ಅಕ್ಷರ ನೋಡಿದರೆ ಯಾಕೆಂದು ಗೊತ್ತಾಗುತ್ತದೆ.

ಕಾಲರೇಖೆಗೆ ಹೇಳಲಾಗದ ಸಂಗತಿಯೂ ಇದೆ. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್ ಮಾರ್ಗ ತೆರೆದಾಗ ಅದು ಉಳಿದ ಮೆಟ್ರೋಗೆ ಕೂಡಿಕೊಂಡಿರಲಿಲ್ಲ. ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ಸುಮಾರು ಎರಡು ಕಿಲೋಮೀಟರ್ ಬಾಕಿಯಿತ್ತು, ಜನ ಇಳಿದು ಬಸ್ಸು ಹತ್ತಿ ಮತ್ತೆ ರೈಲು ಹಿಡಿಯಬೇಕಿತ್ತು. ಮೆಟ್ಟಿಲು ಗೆರೆಯಲ್ಲಿ ಮಾರ್ಚ್‌ನ ಮೆಟ್ಟಿಲು ದೊಡ್ಡದು, ಅಕ್ಟೋಬರಿನದು ಪುಟ್ಟದು. ದಿನಾ ಓಡಾಡುವವರಿಗೆ ಆ ಪುಟ್ಟ ಮೆಟ್ಟಿಲೇ ದೊಡ್ಡದಾಗಿತ್ತು. ಇದನ್ನು ಹೇಳಲು ನಕ್ಷೆ ಬೇಕು, ಅಥವಾ ಬರಹದಲ್ಲಿ “ಅಕ್ಟೋಬರಿನಲ್ಲಿ ಕೂಡಿಕೆ” ಎಂಬ ಎರಡು ಪದ ಬೇಕು. ನಾನು ಆ ಎರಡು ಪದ ಸೇರಿಸುತ್ತೇನೆ.

ಮುಂದೆ ಆಗಬೇಕಾದದ್ದನ್ನು ತೋರಿಸುವುದಾದರೆ ಟೊಳ್ಳು ಚುಕ್ಕಿ, ತುಂಡು ಗೆರೆ. ಆಗಿಹೋದದ್ದಕ್ಕೂ ಆಗಬೇಕಾದದ್ದಕ್ಕೂ ಒಂದೇ ಶಾಯಿ ಬಳಸಿದ ಸ್ಲೈಡು ಮುಂದಿನ ವರ್ಷ ನಿಮ್ಮ ಮುಂದೆಯೇ ಬಂದು ನಿಲ್ಲುತ್ತದೆ.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. “ಸರ್, ನಮ್ಮದು ನೂರು ವರ್ಷ ದಾಟಿದ ಸಂಸ್ಥೆ. ಮೊದಲ ಎಂಬತ್ತು ವರ್ಷದಲ್ಲಿ ಐದು ಘಟನೆ, ಕೊನೆಯ ಇಪ್ಪತ್ತರಲ್ಲಿ ಹದಿನೈದು. ಅಳತೆಗೆ ಕೂರಿಸಿದರೆ ಬಲಗಡೆ ಇರುವೆ ಗೂಡಾಗುತ್ತದಲ್ಲ?”

ಆಗುತ್ತದೆ ಮೇಡಂ. ಮೂವತ್ತು ಸೆಂಟಿಮೀಟರಿಗೆ ನೂರು ವರ್ಷ ಎಂದರೆ ವರ್ಷಕ್ಕೆ ಮೂರು ಮಿಲಿಮೀಟರ್. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನಂಥ ಸಂಸ್ಥೆಗೂ ಇದೇ ತೊಡಕು. ರೇಖೆಯ ನಡುವೆ ಅಂಕುಡೊಂಕು ಹಾಕಿ ಕತ್ತರಿಸಬೇಡಿ, ಆ ಡೊಂಕನ್ನು ಯಾರೂ ಗಮನಿಸುವುದಿಲ್ಲ. ಎರಡು ರೇಖೆ ಎಳೆಯಿರಿ. ಮೇಲೆ ತೆಳುವಾಗಿ ಇಡೀ ಶತಮಾನ, ಐದು ಚುಕ್ಕಿ. ಅದರ ಬಲ ತುದಿಯ ಕೊನೆಯ ಇಪ್ಪತ್ತು ವರ್ಷ ಆರು ಸೆಂಟಿಮೀಟರ್ ಬರುತ್ತದೆ. ಆ ತುಂಡಿನ ಎರಡು ತುದಿಯಿಂದ ಕೆಳಕ್ಕೆ ಎರಡು ಓರೆ ಗೆರೆ ಇಳಿಸಿ, ಕೆಳಗೆ ಅದೇ ಇಪ್ಪತ್ತು ವರ್ಷವನ್ನು ಮೂವತ್ತು ಸೆಂಟಿಮೀಟರಿಗೆ ಹಿಗ್ಗಿಸಿ. ಭೂತಗನ್ನಡಿ ಹಿಡಿದಂತೆ. ಎರಡರ ಅಳತೆಯನ್ನೂ ಪಕ್ಕದಲ್ಲಿ ಬರೆಯಿರಿ.

ಅವರು ಮತ್ತೆ ಕೇಳಿದರು: “ಸ್ಥಾಪನೆಯ ದಿನವೇ ನಮಗೆ ಸರಿಯಾಗಿ ಗೊತ್ತಿಲ್ಲ. ಮೂರು ಹಳೆಯ ಕಾಗದದಲ್ಲಿ ಮೂರು ಇಸವಿ ಇದೆ.”

ಇದಕ್ಕೆ ಉತ್ತರ ಹಳೆಯದು. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1765ರಲ್ಲಿ ಚರಿತ್ರೆಯ ಸುಮಾರು ಎರಡು ಸಾವಿರ ಜನರ ಆಯುಷ್ಯವನ್ನು ಒಂದೇ ಹಾಳೆಯ ಮೇಲೆ ಗೆರೆಗಳಾಗಿ ಎಳೆದರು, ಗೆರೆಯ ಉದ್ದ ಆಯುಷ್ಯದ ಉದ್ದ. ಹುಟ್ಟಿದ ಅಥವಾ ಸತ್ತ ಇಸವಿ ಖಚಿತವಿಲ್ಲದ ಕಡೆ ಗೆರೆಯ ಬದಲು ಚುಕ್ಕಿಚುಕ್ಕಿ ಇಟ್ಟರು. ನೀವೂ ಹಾಗೇ ಮಾಡಿ. ಮೂರರಲ್ಲಿ ಮೊದಲ ಇಸವಿಯಿಂದ ಕೊನೆಯ ಇಸವಿಯವರೆಗೆ ರೇಖೆಯನ್ನು ಚುಕ್ಕಿಚುಕ್ಕಿಯಾಗಿ ಶುರು ಮಾಡಿ, ಅಲ್ಲಿಂದ ಗಟ್ಟಿ ಗೆರೆ. ಆ ಮೂರು ಕಾಗದಗಳನ್ನು ಸಭೆಗೆ ತೆಗೆದುಕೊಂಡು ಹೋಗಿ. ಹಳಬರು ಯಾರಾದರೂ ಎದ್ದು ನಾಲ್ಕನೆಯದನ್ನು ಹೇಳಬಹುದು.